ನಿಮಗೇನೂ ಹೆಚ್ಚಿಗೆ ಖರ್ಚಿಲ್ಲ!

ಮಿಕ್ಸಿ, ಮೊಬೈಲು, ವಾಟರ್ ಫಿಲ್ಟರ್ ಬಗ್ಗೆ ಕನ್ನಡದಲ್ಲಿ ಬರೆಯುವ ಬ್ಲಾಗುಗಳನ್ನು, ಮಾತಾಡುವ ಚಾನೆಲ್ಲುಗಳನ್ನು ನೀವು ನೋಡಿಯೇ ಇರುತ್ತೀರಿ. ಎಲ್ಲ ಹೇಳಿ ಮುಗಿಸಿದ ಮೇಲೆ ಕೊನೆಗೊಂದು ಮಾತು ಬರುತ್ತೆ. "ಲಿಂಕ್ ಕೆಳಗೆ ಕೊಟ್ಟಿದೀನಿ. ಅಲ್ಲಿಂದ ತಗೊಂಡ್ರೆ ನಂಗೊಂದು ಸಣ್ಣ ಸಪೋರ್ಟ್ ಆಗತ್ತೆ. ನಿಮಗೇನೂ ಹೆಚ್ಚಿಗೆ ಖರ್ಚಿಲ್ಲ."

ಈ ಮಾತನ್ನು ನಾಲ್ಕು ವರ್ಷ ನಾನೂ ಹೇಳಿದೀನಿ. ಇವತ್ತು ನನ್ನ ಜಗಳ ಈ ಮಾತಿನ ಮೇಲೇ. ಅದು ಸುಳ್ಳು ಅಂತ ಅಲ್ಲ. ನಿಜ ಅನ್ನೋದೇ ಅದರ ತೊಂದರೆ. ನಿಜವಾದ ಒಂದು ಮಾತನ್ನು ಮುಂದಿಟ್ಟು, ಹೇಳಬೇಕಾದ ಇನ್ನೊಂದು ಮಾತನ್ನು ಅದರ ಬೆನ್ನಿಗೆ ಬಚ್ಚಿಡೋ ಕೆಲಸ ಅದು.

ಮೊದಲು ಈ ವ್ಯವಹಾರ ಹೇಗೆ ನಡೆಯುತ್ತೆ ಅಂತ ನೋಡೋಣ. ಇದಕ್ಕೆ ಅಫಿಲಿಯೇಟ್ ಮಾರ್ಕೆಟಿಂಗ್ ಅಂತಾರೆ. ಅಮೆಜಾನ್ ಇದನ್ನು 1996ರಲ್ಲೇ ಶುರುಮಾಡಿತು, ಆಗ ಅದು ಬರೀ ಪುಸ್ತಕದ ಅಂಗಡಿ. ನಾನು ಅಂಗಡಿಯಲ್ಲಿ ಹೆಸರು ನೋಂದಾಯಿಸಿದರೆ ನನಗೊಂದು ಗುರುತು ಕೊಡುತ್ತಾರೆ. ನಾನು ಕೊಡುವ ಲಿಂಕಿನ ಬಾಲದಲ್ಲಿ `tag=` ಅಂತ ಬಂದು, ಅದರ ಮುಂದೆ ನನ್ನ ಗುರುತು ಇರುತ್ತೆ. ನೀವು ಅದನ್ನು ಒತ್ತಿ ಅಂಗಡಿಗೆ ಹೋದರೆ, "ಈ ಗಿರಾಕಿಯನ್ನು ಕಳಿಸಿದವನು ಇಂಥವನು" ಅಂತ ಅಲ್ಲಿ ದಾಖಲಾಗುತ್ತೆ. ಅಮೆಜಾನಿನಲ್ಲಿ ಆ ದಾಖಲೆಯ ಆಯಸ್ಸು 24 ಗಂಟೆ. ಆ ಹೊತ್ತಿನೊಳಗೆ ನೀವು ಕೊಂಡಿದ್ದಕ್ಕೆ ಶೇಕಡಾ ಇಷ್ಟು ಅಂತ ನನಗೆ ಬರುತ್ತೆ. ನೀವು ವಾಪಸ್ ಮಾಡಿದರೆ ನನ್ನ ಖಾತೆಯಿಂದಲೂ ವಾಪಸ್ ಹೋಗುತ್ತೆ.

ಇಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲದ ಒಂದು ವಿಷಯ ಇದೆ. ನಾನು ಹೇಳಿದ ವಸ್ತುವನ್ನೇ ನೀವು ಕೊಳ್ಳಬೇಕು ಅಂತೇನಿಲ್ಲ. ನನ್ನ ಫಿಲ್ಟರ್ ಲಿಂಕ್ ಒತ್ತಿ ಒಳಗೆ ಹೋದವರು ಫಿಲ್ಟರ್ ಬಿಟ್ಟು ಮಗುವಿನ ಡೈಪರು, ಗಂಡನ ಚಪ್ಪಲಿ ಕೊಂಡರೂ ಸಾಮಾನ್ಯವಾಗಿ ನನಗೆ ಪಾಲುಂಟು. ಕೊಂಡವರ ಹೆಸರು ನನಗೆ ಗೊತ್ತಾಗಲ್ಲ, ಏನು ಮಾರಾಟವಾಯಿತು ಅನ್ನೋದು ಮಾತ್ರ ಪಟ್ಟಿಯಲ್ಲಿ ಕಾಣುತ್ತೆ. ಅಂದರೆ ನನಗೆ ಬೇಕಾಗಿರೋದು ನಿಮ್ಮ ಸರಿಯಾದ ಆಯ್ಕೆಯಲ್ಲ, ನಿಮ್ಮ ಬೆರಳು. "ಇವತ್ತೇ ಕೊನೇ ದಿನ, ಒಂದ್ಸಲ ನೋಡ್ಕೊಂಡಾದ್ರೂ ಬನ್ನಿ" ಅಂತ ಚಾನೆಲ್ಲಿನವರು ಅಷ್ಟು ಕಕ್ಕುಲತೆಯಿಂದ ಕರೆಯೋದು ಯಾಕೆ ಅಂತ ಈಗ ಹೊಳೆಯಿತಲ್ಲ?

ನಿಮ್ಮ ಬೆಲೆ ಏರಲ್ಲ ಅನ್ನೋದು ಸತ್ಯ. ಲಿಂಕಿನಿಂದ ಹೋದರೂ ನೇರವಾಗಿ ಹೋದರೂ ಅದೇ ಬೆಲೆ. ಹಾಗಾದರೆ ಜಗಳ ಎಲ್ಲಿ? ಅದಕ್ಕೆ ನಮ್ಮ ಚಿಕ್ಕಮ್ಮನ ಕಥೆ ಹೇಳಬೇಕು.

ಚಿಕ್ಕಮ್ಮ ಇರೋದು ಮೈಸೂರಿನಲ್ಲಿ. ಎರಡು ವರ್ಷದ ಕೆಳಗೆ ನಾನು "ಮನೆಗೆ ಯಾವ ವಾಟರ್ ಪ್ಯೂರಿಫೈಯರ್ ಒಳ್ಳೇದು?" ಅಂತ ಒಂದು ಬರಹ ಹಾಕಿದ್ದೆ. ಐದು ಯಂತ್ರಗಳ ಪಟ್ಟಿ. ಐದೂ ಆರ್‌ಒ. ಅದರಲ್ಲಿ ನಮ್ಮನೇಲಿ ಇದ್ದದ್ದು ಒಂದು, ಉಳಿದ ನಾಲ್ಕನ್ನು ನಾನು ಕಣ್ಣಲ್ಲೂ ಕಂಡಿರಲಿಲ್ಲ. ಅಂಗಡಿಯ ಪುಟದಲ್ಲಿದ್ದ ವಿವರವನ್ನೇ ನನ್ನ ಮಾತಿನಲ್ಲಿ ಬರೆದಿದ್ದೆ. ಚಿಕ್ಕಮ್ಮ ಅದನ್ನು ಓದಿ, ಮಗಳ ಕೈಲಿ ಲಿಂಕ್ ಒತ್ತಿಸಿ, 15,000 ರೂಪಾಯಿ ಕೊಟ್ಟು ಒಂದನೆಯ ನಂಬರಿನ ಯಂತ್ರ ತರಿಸಿಕೊಂಡರು. ಒಂದು ಮಾತು ಕೇಳಲಿಲ್ಲ. ಕೇಳೋದೇನು, ಬರೆದಿರೋನು ಅಕ್ಕನ ಮಗ.

ದಸರೆಗೆ ಅವರ ಮನೆಗೆ ಹೋದಾಗ ಅಡುಗೆಮನೆಯಲ್ಲಿ ಯಂತ್ರದ ಕೆಳಗೆ ಒಂದು ಬಕೆಟ್ ಇತ್ತು. ಯಂತ್ರದ ಹಿಂದಿನ ಸಣ್ಣ ಪೈಪಿನಿಂದ ಅದಕ್ಕೆ ನೀರು ಬೀಳ್ತಾ ಇತ್ತು.

"ಇದೇನ್ ಚಿಕ್ಕಮ್ಮ?"

"ವೇಸ್ಟ್ ನೀರು ಕಣೋ. ಕುಡಿಯೋಕೆ ಒಂದು ಪಾತ್ರೆ ಕೊಟ್ರೆ ಇದು ಒಂದು ಬಕೆಟ್ ಉಗುಳತ್ತೆ. ಚೆಲ್ಲೋಕೆ ಮನಸ್ಸು ಬರಲ್ಲ, ಪಾತ್ರೆ ತೊಳೀತೀನಿ. ನಲ್ಲಿ ನೀರು ಬರೋದೇ ಒಂದಿನ ಬಿಟ್ಟು ಒಂದಿನ, ಅದ್ರಲ್ಲಿ ಇದಕ್ಕೇ ಅರ್ಧ."

ಅಳೆದು ನೋಡಿದೆ. ನಾಲ್ಕು ಲೀಟರ್ ಕುಡಿಯುವ ನೀರು ತುಂಬುವಷ್ಟರಲ್ಲಿ ಬಕೆಟ್ಟಿಗೆ ಬಿದ್ದದ್ದು ಹನ್ನೊಂದು ಲೀಟರಿನ ಹತ್ತಿರ. ಆರ್‌ಒ ಕೆಲಸ ಮಾಡುವ ರೀತಿಯೇ ಅದು. ತೀರಾ ಸಣ್ಣ ರಂಧ್ರಗಳ ಪೊರೆಯ ಮೂಲಕ ನೀರನ್ನು ಒತ್ತಿ ಹಾಯಿಸಿದಾಗ ಕರಗಿದ ಲವಣ ಈಚೆಗೆ ಉಳಿಯುತ್ತೆ. ಅದನ್ನು ತೊಳೆದು ಹೊರಗೆ ಹಾಕೋದಕ್ಕೆ ನೀರು ಬೇಕಲ್ಲ, ಅದು ಈ ಬಕೆಟ್ಟಿನದು. ಲವಣ ವಿಪರೀತ ಇರುವ ಕಡೆ ಈ ನಷ್ಟಕ್ಕೆ ಅರ್ಥ ಇದೆ. ಚಿಕ್ಕಮ್ಮನ ಮನೆಗೆ ಬರೋದು ನಗರಪಾಲಿಕೆಯ ನದಿ ನೀರು. ಮುನ್ನೂರು ರೂಪಾಯಿಯ ಟಿಡಿಎಸ್ ಮೀಟರನ್ನು ನಲ್ಲಿ ನೀರಿಗೆ ಅದ್ದಿದರೆ 130 ತೋರಿಸಿತು. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೊ ಇಟ್ಟಿರುವ ಮಿತಿ ಲೀಟರಿಗೆ 500 ಮಿಲಿಗ್ರಾಂ. ಅಂದರೆ ಇಲ್ಲದ ಕಾಯಿಲೆಗೆ 15,000 ರೂಪಾಯಿಯ ಔಷಧಿ ಬರೆದುಕೊಟ್ಟಿದ್ದೆ ನಾನು.

ಒಂದು ಮಾತು ಸ್ಪಷ್ಟ ಮಾಡಿಬಿಡ್ತೀನಿ. ಟಿಡಿಎಸ್ ಮೀಟರ್ ಕ್ರಿಮಿಗಳನ್ನು ತೋರಿಸಲ್ಲ. 130 ಬಂತು ಅಂತ ನಲ್ಲಿ ನೀರು ಹಾಗೇ ಕುಡಿಯಬಹುದು ಅಂತಲ್ಲ. ಆದರೆ ಕ್ರಿಮಿಗೆ ಅಲ್ಲಿ ಬೇಕಾಗಿದ್ದದ್ದು ಯುವಿ ದೀಪದ ಯಂತ್ರ, ಇಲ್ಲವೇ ಅಜ್ಜಿ ಕಾಲದಿಂದ ಮಾಡ್ತಾ ಬಂದ ಹಾಗೆ ಕುದಿಸಿ ಆರಿಸಿ ಬಟ್ಟೆಯಲ್ಲಿ ಸೋಸೋದು. ಕೋಲಾರದ ಕಡೆ ಆಳದ ಬೋರ್‌ವೆಲ್ಲಿನ ಫ್ಲೋರೈಡ್ ನೀರು ಕುಡಿಯುವ ಮನೆಯಾದರೆ ಲೆಕ್ಕ ಬೇರೆ. ಅಲ್ಲಿ ಆರ್‌ಒ ಬೇಕಾಗಬಹುದು, ಅದೂ ನೀರನ್ನು ಪ್ರಯೋಗಾಲಯಕ್ಕೆ ಕೊಟ್ಟು ನೋಡಿದ ಮೇಲೆ. ಹಾಗಾಗಿ ಯಾವ ಯಂತ್ರ ಅನ್ನೋ ಪ್ರಶ್ನೆಗೆ ಮುಂಚೆ ಕೇಳಬೇಕಾದ ಪ್ರಶ್ನೆ "ನಿಮ್ಮನೆಗೆ ನೀರು ಎಲ್ಲಿಂದ ಬರತ್ತೆ?" ಅನ್ನೋದು. ನನ್ನ ಬರಹದಲ್ಲಿ ಆ ಪ್ರಶ್ನೆಯೇ ಇರಲಿಲ್ಲ.

ಯಾಕೆ ಇರಲಿಲ್ಲ? ಊಟವಾದ ಮೇಲೆ ಚಿಕ್ಕಮ್ಮ ಕೇಳಿದ್ದು ಅದನ್ನೇ, ಅವರದೇ ರೀತಿಯಲ್ಲಿ.

"ಹೌದಾ, ನಾವು ತಗೊಂಡಿದ್ರಲ್ಲಿ ನಿಂಗೇನಾದ್ರೂ ಸಿಗತ್ತಾ?"

"ಸ್ವಲ್ಪ ಕಮಿಷನ್ ಬರತ್ತೆ ಚಿಕ್ಕಮ್ಮ. ಬರಹದ ಕೆಳಗೆ ಹಾಕಿದೀನಲ್ಲ."

"ಎಲ್ಲಿ ಹಾಕಿದೀಯ? ನಾನು ಪೂರ್ತಿ ಓದಿದೀನಿ."

ಮೊಬೈಲ್ ತೆಗೆದು ತೋರಿಸಿದೆ. ಸಾವಿರ ಪದದ ಕನ್ನಡ ಬರಹ ಮುಗಿದು, ಹಂಚಿಕೊಳ್ಳಿ ಅನ್ನುವ ಗುಂಡಿಗಳೆಲ್ಲ ಮುಗಿದು, ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ ಇಂಗ್ಲಿಷಿನ ಒಂದು ಸಾಲು. ದಿಸ್ ಪೋಸ್ಟ್ ಮೇ ಕಂಟೇನ್ ಅಫಿಲಿಯೇಟ್ ಲಿಂಕ್ಸ್. ಚಿಕ್ಕಮ್ಮ ಕನ್ನಡಕ ಏರಿಸಿ ನೋಡಿದರು. ಏನೂ ಅನ್ನಲಿಲ್ಲ. ಮೊಬೈಲ್ ವಾಪಸ್ ಕೊಟ್ಟು, "ಇರ್ಲಿ ಬಿಡು, ಕಾಫಿ ಮಾಡ್ತೀನಿ" ಅಂತ ಎದ್ದು ಹೋದರು.

ಆ ಸಾಲನ್ನು ಒಂದ್ಸಲ ಬಿಡಿಸಿ ನೋಡಿ. ಬರಹ ಕನ್ನಡದ್ದು, ನಂಬಿಕೆ ಹುಟ್ಟಿಸಿದ್ದು ಕನ್ನಡದಲ್ಲಿ, ಆದರೆ ನನಗೆ ದುಡ್ಡು ಬರುತ್ತೆ ಅನ್ನೋ ಒಂದೇ ಒಂದು ವಾಕ್ಯ ಇಂಗ್ಲಿಷಿನಲ್ಲಿ. ಅದೂ "ಮೇ", ಇರಬಹುದು! ಅಲ್ಲ ಸ್ವಾಮಿ, ಲಿಂಕನ್ನು ನಾನೇ ಕೂತು ಹಾಕಿದ್ದೀನಿ, ಇದೆಯೋ ಇಲ್ಲವೋ ಅಂತ ನನಗೇ ಅನುಮಾನವೇ? ಇನ್ನು "ಅಫಿಲಿಯೇಟ್" ಅನ್ನೋ ಪದ. ಇಂಗ್ಲಿಷ್ ಬಲ್ಲವರಿಗೂ ಅದರಿಂದ ಕಮಿಷನ್ ಅಂತ ಅರ್ಥವಾಗಲ್ಲ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನೇ ತನ್ನ ದೇಶದ ಬರಹಗಾರರಿಗೆ ಬರೀ "ಅಫಿಲಿಯೇಟ್ ಲಿಂಕ್" ಅಂದರೆ ಸಾಲದು, ಕೊಂಡರೆ ನನಗೆ ಕಮಿಷನ್ ಬರುತ್ತೆ ಅಂತ ಬಿಡಿಸಿ ಹೇಳಿ ಅಂತ ತಿಳಿಹೇಳಿದೆ. ಇಂಗ್ಲಿಷ್ ಮನೆಮಾತಿನವರಿಗೇ ಸಾಲದ ಪದ ನಮ್ಮ ಚಿಕ್ಕಮ್ಮನಿಗೆ ಸಾಕು ಅಂದುಕೊಂಡಿದ್ದೆ ನಾನು. ಅಥವಾ ಸಾಲದಿರಲಿ ಅಂತಲೇ ಅದನ್ನು ಆರಿಸಿದ್ದೆನೋ ಏನೋ.

ನಮ್ಮಲ್ಲೂ ನಿಯಮ ಇಲ್ಲದೆ ಇಲ್ಲ. ಜಾಹೀರಾತುದಾರರೇ ಸೇರಿ ಮಾಡಿಕೊಂಡಿರುವ ಎಎಸ್‌ಸಿಐ ಸಂಸ್ಥೆಯ ಸೂಚನೆಗಳು 2021ರ ಜೂನ್ 14ರಿಂದ ಜಾರಿಯಲ್ಲಿವೆ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿ 20ರಂದು ತನ್ನದೇ ಕೈಪಿಡಿ ಹೊರಡಿಸಿತು. ಎರಡರ ಸಾರ ಒಂದೇ. ಮಾರುವವನಿಗೂ ಹೇಳುವವನಿಗೂ ದುಡ್ಡು, ಉಡುಗೊರೆ, ರಿಯಾಯಿತಿ, ನೆಂಟಸ್ತಿಕೆ ಯಾವ ನಂಟಿದ್ದರೂ ನೋಡುವವರ ಕಣ್ಣು ತಪ್ಪದ ಹಾಗೆ ಹೇಳಬೇಕು. ಹ್ಯಾಷ್‌ಟ್ಯಾಗುಗಳ ರಾಶಿಯಲ್ಲಿ ಹೂತು ಹಾಕಬಾರದು. ವಿಡಿಯೊದಲ್ಲಾದರೆ ಬಾಯಲ್ಲೂ ಹೇಳಬೇಕು, ಪರದೆಯ ಮೇಲೂ ತೋರಿಸಬೇಕು. ಜನರನ್ನು ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿಯವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡಕ್ಕೆ ಅವಕಾಶ ಇದೆ. ವಸ್ತುವನ್ನು ಹೊಗಳಿದವರೂ ಅದರಿಂದ ಹೊರಗಲ್ಲ. ನನ್ನ ಬೂದು ಬಣ್ಣದ ಸಾಲು ಈ ಪರೀಕ್ಷೆಯಲ್ಲಿ ಪಾಸಾಗುತ್ತಿರಲಿಲ್ಲ.

ಆದರೆ ನಾನು ಹೇಳಬೇಕೆಂದಿರೋದು ನಿಯಮದ ಮಾತಲ್ಲ. ಆ ಸಾಲನ್ನು ಕನ್ನಡದಲ್ಲೇ, ದಪ್ಪ ಅಕ್ಷರದಲ್ಲೇ, ಮೇಲ್ಗಡೆಯೇ ಹಾಕಿದ್ದೆ ಅಂದುಕೊಳ್ಳಿ. ಚಿಕ್ಕಮ್ಮನ ಬಕೆಟ್ ಖಾಲಿ ಇರುತ್ತಿತ್ತೇ? ಇಲ್ಲ. ಯಾಕಂದರೆ ತಪ್ಪು ಆಗಿದ್ದು ಪಟ್ಟಿ ಮಾಡುವ ಹೊತ್ತಿಗೇ.

ಲೆಕ್ಕ ನೋಡಿ. ಕಮಿಷನ್ ದರ ವಸ್ತುವಿನಿಂದ ವಸ್ತುವಿಗೆ ಬೇರೆ, ಆಗಾಗ ಬದಲಾಗುತ್ತೆ. ಸುಲಭಕ್ಕೆ ಎಲ್ಲದಕ್ಕೂ ಶೇಕಡಾ 5 ಅಂತ ಇಟ್ಟುಕೊಳ್ಳೋಣ. 15,000ದ ಆರ್‌ಒ ಮಾರಿದರೆ ನನಗೆ 750 ರೂಪಾಯಿ. 8,000ದ ಯುವಿ ಯಂತ್ರಕ್ಕೆ 400. ಕರೆಂಟ್ ಬೇಡದ 2,500ರ ಫಿಲ್ಟರಿಗೆ 125. "ಮೊದಲು ನೀರು ಅಳೆಯಿರಿ" ಅಂತ ಹೇಳಿ ಮೀಟರ್ ಕೊಳ್ಳಿಸಿದರೆ 15. "ಕುದಿಸಿ ಸೋಸಿ ಕುಡೀರಿ" ಅಂದರೆ ಸೊನ್ನೆ. "ನಿಮ್ಮ ಬೀದಿಯ ಅಂಗಡೀಲಿ ತಗೊಳ್ಳಿ, ರಿಪೇರಿಗೆ ಅವನೇ ಬರ್ತಾನೆ" ಅಂದರೂ ಸೊನ್ನೆ. ಈಗ ನನ್ನ ಪಟ್ಟಿಯ ಐದೂ ಯಂತ್ರ ಆರ್‌ಒ ಆಗಿದ್ದು ಯಾಕೆ ಅಂತ ಕೇಳಬೇಕಾ?

ನಾನು ಕೂತು ಸಂಚು ಮಾಡಲಿಲ್ಲ, ಅಷ್ಟು ಬುದ್ಧಿವಂತನೂ ಅಲ್ಲ. ಸಂಚಿನ ಅಗತ್ಯವೇ ಇಲ್ಲ. ತಿಂಗಳ ಕೊನೆಗೆ ವರದಿ ನೋಡ್ತೀವಿ. ಯಾವ ಬರಹದಿಂದ ಎಷ್ಟು ಬಂತು ಅಂತ ಅದರಲ್ಲಿರುತ್ತೆ. ಹೆಚ್ಚು ತಂದ ಬರಹದಂಥದ್ದೇ ಇನ್ನೊಂದು ಬರೀತೀವಿ. ಸೊನ್ನೆ ತಂದ ಬರಹ ಮತ್ತೆ ಬರೆಯೋಕೆ ಕೈ ಏಳಲ್ಲ. "ಹಳೇ ಮಿಕ್ಸಿಯ ಜಾರಿಗೆ ಬರೀ ಬುಷ್ ಬದಲಾಯಿಸಿ" ಅಂತ ನಾನು ಒಂದು ಕಾಲಕ್ಕೆ ಬರೆದಿದ್ದೆ, ಜನ ಅದನ್ನು ಮೆಚ್ಚಿದ್ದರು. ಆಮೇಲೆ ಅಂಥದ್ದು ಒಂದೂ ಬರೆಯಲಿಲ್ಲ. ಹೀಗೆ ವರ್ಷ ಕಳೆಯುವಷ್ಟರಲ್ಲಿ ಲಿಂಕ್ ಇಲ್ಲದ ಪರಿಹಾರ ಅನ್ನೋದು ನಮ್ಮ ತಲೆಯಿಂದಲೇ ಮಾಯವಾಗಿರುತ್ತೆ. ನಾವು ಬರೆದದ್ದರಲ್ಲಿ ಹುಡುಕಿದರೆ ಒಂದು ಸುಳ್ಳೂ ಸಿಗಲ್ಲ. ಸುಳ್ಳು ಇರೋದು ಬರೆಯದೆ ಬಿಟ್ಟಿದ್ದರಲ್ಲಿ.

ಅದಕ್ಕೇ ನಾನು ಹೇಳೋದು, "ನಿಮಗೇನೂ ಹೆಚ್ಚಿಗೆ ಖರ್ಚಿಲ್ಲ" ಅನ್ನೋದು ಕಣ್ಕಟ್ಟು. ಅದೇ ಯಂತ್ರವನ್ನು ಬೇರೆ ದಾರಿಯಿಂದ ಕೊಂಡರೆ ಅನ್ನುವ ಹೋಲಿಕೆಯಲ್ಲಿ ಖರ್ಚಿಲ್ಲ. ಆ ಯಂತ್ರವೇ ಬೇಡವಾಗಿತ್ತು ಅನ್ನುವ ಹೋಲಿಕೆಯಲ್ಲಿ ಚಿಕ್ಕಮ್ಮನಿಗೆ 15,000 ಖರ್ಚು, ವರ್ಷ ವರ್ಷ ಕ್ಯಾಂಡಲು, ಪೊರೆ ಬದಲಾಯಿಸುವ ಖರ್ಚು, ಮೇಲೆ ದಿನಕ್ಕೊಂದು ಬಕೆಟ್ ನೀರು.

ಇದಕ್ಕೆ ನನ್ನ ಗೆಳೆಯರು ಎರಡು ಉತ್ತರ ಕೊಡ್ತಾರೆ. ಒಂದು, "ಅಂಗಡಿಯವನಿಗೂ ಲಾಭ ಇರುತ್ತಪ್ಪ, ಅವನೇನು ಹೇಳ್ಕೊಂಡು ಮಾರ್ತಾನಾ?" ಇರುತ್ತೆ. ಆದರೆ ಅಂಗಡಿಯವನು ಗಲ್ಲಾದ ಹಿಂದೆ ಕೂತಿರ್ತಾನೆ, ಅವನು ಯಾರು ಅಂತ ಎಲ್ಲರಿಗೂ ಗೊತ್ತು. ದನದ ಜಾತ್ರೆ ನೋಡಿದವರಿಗೆ ಗೊತ್ತಿರುತ್ತೆ, ದಲ್ಲಾಳಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ರೇಟು ಕುದುರಿಸ್ತಾನೆ. ಬೆರಳು ಗುಟ್ಟು, ಆದರೆ ದಲ್ಲಾಳಿ ಗುಟ್ಟಲ್ಲ. ಅವನ ಹೆಗಲ ಮೇಲಿನ ಟವೆಲ್ಲೇ ಅವನ ಬೋರ್ಡು. ನಾವು ಹಾಗಲ್ಲ. ಎತ್ತು ಕೊಳ್ಳೋಕೆ ಹೊರಟ ರೈತನ ಜೊತೆ "ನಂಗೆ ಎತ್ತಿನ ಹಲ್ಲು ನೋಡೋಕೆ ಬರತ್ತೆ, ನಾನು ನಿನ್ನ ಕಡೆಯೋನು" ಅಂತ ಹೋಗೋರು ನಾವು. ಆಮೇಲೆ ಸಂಜೆ ಮಾರಿದವನ ಹತ್ತಿರ ಹೋಗಿ ಕೈಯೊಡ್ಡುತ್ತೀವಿ.

ಇನ್ನೊಂದು ಉತ್ತರ, "ಕನ್ನಡದಲ್ಲಿ ಬರೆದು ಹೊಟ್ಟೆ ತುಂಬಲ್ಲ, ಓದುಗರು ದುಡ್ಡು ಕೊಡಲ್ಲ, ಮತ್ತೆ ಹೇಗೆ ನಡೆಸೋದು?" ಇದು ನ್ಯಾಯವಾದ ಮಾತು. ಒಂದು ವಸ್ತುವನ್ನು ತರಿಸಿ, ಎರಡು ತಿಂಗಳು ಬಳಸಿ, ಅಳೆದು ಬರೆದವನಿಗೆ ದುಡ್ಡು ಬರಬೇಕು. ಕಮಿಷನ್ ಪಾಪ ಅಂತ ನಾನು ಹೇಳ್ತಿಲ್ಲ, ನಾನು ಇವತ್ತಿಗೂ ತಗೋತೀನಿ. ಆದರೆ ಆ ದುಡ್ಡು ಕೂಲಿಯಾಗಬೇಕಾದರೆ ಕೆಲಸ ಮಾಡಿರಬೇಕು, ಮತ್ತು ಯಾರು ಕೊಟ್ಟರು ಅಂತ ಮೊದಲೇ ಹೇಳಿರಬೇಕು. ಎರಡೂ ಇಲ್ಲದೆ ಬಂದದ್ದು ಕೂಲಿಯಲ್ಲ.

ಹಾಗಾಗಿ ಆ ಬರಹವನ್ನು ಮತ್ತೆ ಬರೆದೆ. ಈಗ ಅದರ ಮೊದಲ ಸಾಲು ಹೀಗಿದೆ: "ಕೆಳಗಿನ ಮೂರು ಲಿಂಕುಗಳಿಂದ ನೀವು ಏನೇ ಕೊಂಡರೂ ನನಗೆ ಕಮಿಷನ್ ಬರುತ್ತದೆ. ದುಬಾರಿ ಯಂತ್ರಕ್ಕೆ ಹೆಚ್ಚು ಬರುತ್ತದೆ. ಅದನ್ನು ತಲೆಯಲ್ಲಿಟ್ಟುಕೊಂಡು ಓದಿ." ಪ್ರತಿ ಲಿಂಕಿನ ಪಕ್ಕದಲ್ಲೂ "ಕಮಿಷನ್ ಇದೆ" ಅಂತ ಎರಡು ಪದ ಇದೆ, ಯಾಕಂದರೆ ನಡುವಿನಿಂದ ಓದುವವರೇ ಹೆಚ್ಚು. ನಾನು ಬಳಸಿದ್ದು ಯಾವುದು, ಬರೀ ವಿವರ ಓದಿ ಬರೆದದ್ದು ಯಾವುದು ಅಂತ ಬೇರೆ ಬೇರೆ ಮಾಡಿದೀನಿ. ಮತ್ತೆ ಎಲ್ಲಕ್ಕಿಂತ ಮೇಲೆ, ಮೊದಲನೇ ಲಿಂಕಿಗಿಂತ ಮುಂಚೆ, ನೀರು ಎಲ್ಲಿಂದ ಬರುತ್ತೆ ಅನ್ನೋ ಪ್ರಶ್ನೆ ಮತ್ತು ಏನೂ ಕೊಳ್ಳದೆ ಆಗುವ ದಾರಿ. ಈ ಕೊನೆಯದ್ದೇ ನಿಜವಾದ ಪರೀಕ್ಷೆ. ಕಮಿಷನ್ ಬರುತ್ತೆ ಅಂತ ಬಾಯಲ್ಲಿ ಹೇಳೋದು ಸುಲಭ. ಕಮಿಷನ್ ಬಾರದ ಉತ್ತರವನ್ನು ಮೊದಲು ಹೇಳೋದು ಕಷ್ಟ.

ಓದುಗರಿಗೂ ಒಂದು ಮಾತು. ಲಿಂಕ್ ಒತ್ತೋಕೆ ಮುಂಚೆ ಅದರ ಮೇಲೆ ಬೆರಳು ಒತ್ತಿ ಹಿಡಿದರೆ ಪೂರ್ತಿ ವಿಳಾಸ ಕಾಣುತ್ತೆ. ಅದರಲ್ಲಿ `tag=` ಇದೆಯಾ ನೋಡಿ. `amzn.to` ಥರದ ಚುಟುಕು ವಿಳಾಸವಾದರೆ ಒಳಗೇನಿದೆ ಅಂತ ಹೊರಗಿನಿಂದ ಕಾಣಲ್ಲ, ಕೇಳಿಯೇ ತಿಳಿಯಬೇಕು. ಇದ್ದರೆ ತಪ್ಪೇನಿಲ್ಲ, ಅದನ್ನು ಅವರು ಹೇಳಿದಾರಾ ಅಂತ ನೋಡಿ. ಹೇಳಿದ್ದರೆ ಅಲ್ಲಿಗೇ ನಿಲ್ಲಬೇಡಿ. "ಇದು ಯಾರಿಗೆ ಬೇಡ?" ಅನ್ನೋ ಪ್ರಶ್ನೆಗೆ ಬರಹದಲ್ಲಿ ಉತ್ತರ ಇದೆಯಾ ಹುಡುಕಿ. ಐದಕ್ಕೆ ಐದೂ ಒಳ್ಳೇದು, ಯಾರು ಬೇಕಾದರೂ ತಗೋಬಹುದು ಅಂತಿದ್ದರೆ ಬರೆದವನು ಯಂತ್ರ ನೋಡಿಲ್ಲ, ವರದಿ ನೋಡಿದಾನೆ.

ಹೊಸ ಬರಹದಿಂದ ಬರುವ ದುಡ್ಡು ಹಳೆಯದರ ಮೂರನೇ ಒಂದು ಭಾಗಕ್ಕೆ ಇಳಿದಿದೆ. ಹೆಚ್ಚು ಮಾರಾಟವಾಗ್ತಿರೋದು ಟಿಡಿಎಸ್ ಮೀಟರು, ಒಂದಕ್ಕೆ 15 ರೂಪಾಯಿ ಲೆಕ್ಕ. ಚಿಕ್ಕಮ್ಮನ ಯಂತ್ರ ವಾಪಸ್ ಕೊಡುವ ಅವಧಿ ಆಗಲೇ ಮುಗಿದು ಹೋಗಿತ್ತು. ನನಗೆ ಬಂದಿದ್ದ ಕಮಿಷನ್ ಕೊಡೋಕೆ ಹೋದರೆ ತಗೊಳ್ಳಲಿಲ್ಲ. "ಅದನ್ನ ಇಟ್ಕೋ, ನೀನೇನು ಕದ್ದಿಲ್ಲ. ಆದ್ರೆ ಮೊದ್ಲೇ ಹೇಳಿದ್ರೆ ನಾನು ಇನ್ನೊಬ್ರನ್ನ ಕೇಳ್ತಿದ್ದೆ" ಅಂದರು.

ಇನ್ನೊಬ್ಬರನ್ನು ಕೇಳುವ ಆ ಅವಕಾಶ ಅವರದಾಗಿತ್ತು. ಬೂದು ಬಣ್ಣದ ಆ ಸಾಲಿನಲ್ಲಿ ನಾನು ಕಿತ್ತುಕೊಂಡಿದ್ದು ಅದನ್ನು.